ವಾಪಸ್ ಕಳಿಸಿದ ಗಾಲಿಕುರ್ಚಿ

ನನ್ನ ಅಣ್ಣ ಹೊನ್ನಾವರದಲ್ಲಿ ರಿಕ್ಷಾ ಓಡಿಸಿಕೊಂಡಿದ್ದವನು. ಪಾರ್ಶ್ವವಾಯು ಬಡಿದು ಬಲಗಾಲು, ಬಲಗೈ ಬಿದ್ದುಹೋದವು. ಮಾತು ಉಳಿಯಿತು, ಹಟವೂ ಉಳಿಯಿತು. ನನ್ನ ಮಗಳ ಮದುವೆ ಗೊತ್ತಾದಾಗ ಅವನು ಹೇಳಿದ್ದು ಒಂದೇ ಮಾತು: "ಮದುಮಗಳನ್ನ ಮಂಟಪಕ್ಕೆ ಕರ್ಕಂಡು ಬರೂದು ಸೋದರಮಾವ. ಅದು ನಾನೇ."

ಎಡಗೈಯಲ್ಲೇ ಫೋನ್ ಒತ್ತಿ ಶಾಪಿಂಗ್ ಆ್ಯಪ್‌ನಿಂದ ಗಾಲಿಕುರ್ಚಿ ತರಿಸಿದ. ಮನೆ ಬಾಗಿಲಲ್ಲಿ ನಗದು ಕೊಟ್ಟ. ಆದರೆ ಕುರ್ಚಿ ಆ್ಯಪ್‌ನಲ್ಲಿ ಬರೆದಿದ್ದಕ್ಕಿಂತ ಅಗಲವಾಗಿತ್ತು. ಅವನ ಕೋಣೆಯ ಬಾಗಿಲು ದಾಟಲಿಲ್ಲ. ವಾಪಸ್ ಹಾಕಿದೆವು. ಕಂಪನಿಯವರು ಬಂದು ಒಯ್ದರು. ಕೆಲವು ದಿನಗಳಲ್ಲಿ ಆ್ಯಪ್‌ನಲ್ಲಿ ಹಸಿರು ಗುರುತಿನೊಂದಿಗೆ 'ಹಣ ಮರುಪಾವತಿ ಆಗಿದೆ' ಎಂದು ಬಂತು. ಖಾತೆಗೆ ಮಾತ್ರ ಬರಲಿಲ್ಲ.

"ನಾನೇ ಇನ್ನೊಂದು ತರಿಸ್ತೆ, ಅಣ್ಣ. ದುಡ್ಡು ಬಂದಾಗ ಬರ್ಲಿ," ಎಂದೆ.

"ಬ್ಯಾಡ. ನನ್ನ ದುಡ್ಡು ಬರ್ಲಿ, ನನ್ನ ಕುರ್ಚಿ ನಾನೇ ತಕಂತೆ."

ಮದುವೆಯ ಕೆಲಸಗಳ ನಡುವೆ ಕುಮಟಾದ ನನ್ನ ಮನೆಯಿಂದ ನಾನೇ ಸಹಾಯವಾಣಿಗೆ ಫೋನ್ ಮಾಡತೊಡಗಿದೆ. ಮೊದಲು ಸಂಗೀತ, ಆಮೇಲೆ ಯಾವುದೋ ಊರಿನ ಹುಡುಗಿ. "ನಮ್ಮಲ್ಲಿ ಪಾವತಿ ಯಶಸ್ವಿ ಅಂತ ತೋರಿಸ್ತಾ ಇದೆ ಮೇಡಂ. ಬ್ಯಾಂಕಿನಲ್ಲಿ ವಿಚಾರಿಸಿ."

ಅಣ್ಣನ ಬ್ಯಾಂಕಿಗೆ ಹೋದೆ. ಕೌಂಟರಿನವರು ಪಾಸ್‌ಬುಕ್ ಅಚ್ಚು ಹಾಕಿ ಕೊಟ್ಟರು. "ಬರ್ಲಿಲ್ಲ. ದುಡ್ಡು ಕಳಿಸಿದ್ದರ ಗುರ್ತಿನ ನಂಬರ್, ಯುಟಿಆರ್ ಅಂತಾರಲ್ಲ, ಅದು ಇಲ್ದೇ ನಾವು ಎಂತ ಹುಡ್ಕುಕೂ ಆಗೂದಿಲ್ಲ. ಕಳಿಸಿದವರ ಹತ್ರ ಕೇಳಿ."

ಮತ್ತೆ ಫೋನ್. ಪ್ರತಿ ಸಲವೂ ಬೇರೆ ದನಿ, ಪ್ರತಿ ಸಲವೂ ಕುರ್ಚಿಯ ಕಥೆ ಮೊದಲಿನಿಂದ. ದೂರು ಮೇಲಿನವರಿಗೆ ಕಳಿಸಿದ್ದೇವೆ, ಕಾಯಿರಿ ಎನ್ನುತ್ತಿದ್ದರು. ನಂತರ 'ನಿಮ್ಮ ಸಮಸ್ಯೆ ಪರಿಹಾರವಾಗಿದೆ' ಎಂಬ ಸಂದೇಶ ಬಂದು ದೂರು ತಾನಾಗಿ ಮುಚ್ಚಿಹೋಗುತ್ತಿತ್ತು. ನಾನು ಮತ್ತೆ ತೆರೆಯುತ್ತಿದ್ದೆ. ಕೊನೆಗೆ ಜಗಳವಾಡಿಯೇ ಆ ಯುಟಿಆರ್ ನಂಬರ್ ಪಡೆದೆ.

ಬ್ಯಾಂಕಿನವರು ಅದನ್ನೂ ಅಣ್ಣನ ಆ್ಯಪ್‌ನಲ್ಲಿದ್ದ ಖಾತೆ ವಿವರವನ್ನೂ ನೋಡಿ, "ಖಾತೆ ನಂಬರ್ ಸರಿ ಉಂಟು. ಕೋಡ್ ಹಳೇದು. ನಮ್ಮ ಬ್ಯಾಂಕು ಇನ್ನೊಂದು ಬ್ಯಾಂಕಿನ ಸಂಗ್ತಿ ಸೇರಿತಲ್ಲ, ಆವಾಗ ಎಲ್ಲಾ ಶಾಖೆ ಕೋಡೂ ಬದ್ಲಾತು. ಈ ದುಡ್ಡು ಒಳಗೇ ಬರ್ಲಿಲ್ಲ, ಅವರಿಗೇ ತಿರುಗಿ ಹೋಗಿದೆ" ಎಂದರು. ಅಣ್ಣ ರಿಕ್ಷಾ ಓಡಿಸುವ ಕಾಲದಲ್ಲಿ ಆ್ಯಪ್‌ಗೆ ಹಾಕಿದ್ದ ವಿವರವದು. ಹಣ ಅವರಿಗೇ ಮರಳಿತ್ತು; ಅವರ ಹಸಿರು ಗುರುತು ಮಾತ್ರ ಅಳಿದಿರಲಿಲ್ಲ.

ಖಾತೆಗೆ ಜಮಾ ಆಗಿಲ್ಲವೆಂದು ಮೊಹರು ಹಾಕಿಸಿದ ವಿವರಪಟ್ಟಿ ತೆಗೆದು, ಹೊಸ ಕೋಡ್ ಬರೆದು, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಮೇಲ್ ಹಾಕಿದೆ. ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಅಷ್ಟರಲ್ಲಿ ಮದುವೆಯೇ ಬಂದುಬಿಟ್ಟಿತು.

ಹಿಂದಿನ ದಿನ ಕುಮಟಾದ ಪರಿಚಯದವರ ಮನೆಯಿಂದ ಗಾಲಿಕುರ್ಚಿಯೊಂದನ್ನು ಎರವಲು ತಂದು, ಕಾರಿನಲ್ಲಿ ಹಾಕಿಕೊಂಡು ಹೊನ್ನಾವರಕ್ಕೆ ಹೋದೆ. ಅತ್ತಿಗೆ ಅವನ ಬಿಳಿ ಪಂಚೆ ಇಸ್ತ್ರಿ ಮಾಡಿಟ್ಟಿದ್ದಳು. ಅವನು ಕುರ್ಚಿಯನ್ನು ನೋಡಿ ಮುಖ ತಿರುಗಿಸಿದ.

"ಯಾರದ್ದು ಅದು?"

ಹೇಳಿದೆ.

"ಮೂವತ್ತು ವರ್ಷ ನನ್ನ ರಿಕ್ಷಾದಲ್ಲಿ ಊರವರನ್ನ ಕುಳ್ಸ್ಕಂಡು ತಿರ್ಗಿದೆ. ಈಗ ಬೇರೆಯವರ ಕುರ್ಚಿ ಮೇಲೆ ಕುಂತು ಮಂಟಪಕ್ಕೆ ಬರೂದಾ? ತಕಂಡು ಹೋಗು."

"ಮಗು ಕಾಯ್ತದೆ, ಅಣ್ಣ."

"ಅವಳಿಗೆ ನನ್ನ ಆಶೀರ್ವಾದ ಹೇಳು."

ಅತ್ತಿಗೆ ಅತ್ತಳು. ನಾನು ಅಳಲಿಲ್ಲ, ಕೂಗಾಡಿದೆ. ನಿನ್ನ ಹಟವೇ ನಿನಗೆ ದೊಡ್ಡದು ಎಂದೆ. ಮರುದಿನ ನನ್ನ ಚಿಕ್ಕಪ್ಪನ ಮಗ ಮದುಮಗಳ ಕೈ ಹಿಡಿದು ಮಂಟಪಕ್ಕೆ ತಂದ. ಅವಳು ಎರಡು ಸಲ ಬಾಗಿಲ ಕಡೆ ತಿರುಗಿ ನೋಡಿದಳು.

ಮಗಳು ಗಂಡನ ಮನೆಗೆ ಹೋದ ಮೇಲೆ, ಮನೆಯಲ್ಲಿ ಬಾಡಿಗೆ ಪಾತ್ರೆ ಲೆಕ್ಕ ಹಾಕಿ ವಾಪಸ್ ಕಳಿಸುತ್ತಿದ್ದಾಗ, ಅಣ್ಣನ ಫೋನ್ ಬಂತು.

"ದುಡ್ಡು ಬಂತು."

"ಪೂರ್ತಿ?"

"ಪೂರ್ತಿ."

ನನಗೆ ಸಂತೋಷವಾಗಬೇಕಿತ್ತು. ತಪ್ಪಾಯಿತು ಎಂಬ ಒಂದು ಸಾಲೂ ಕಂಪನಿಯಿಂದ ಬಂದಿರಲಿಲ್ಲ. ಬರಬೇಕಾದ ದುಡ್ಡು ಬಂದಿತ್ತು. ಕಾನೂನಿನ ಪ್ರಕಾರ ಇನ್ನೇನೂ ಬಾಕಿಯಿರಲಿಲ್ಲ.

"ಈಗ ಸಣ್ಣದು ತರ್ಸು, ಅಣ್ಣ. ಅಳತೆ ನಾನು ಬಂದು ನೋಡ್ತೆ."

"ಎಂತಕ್ಕೆ? ಇನ್ನೆಲ್ಲಿಗೆ ಹೋಗೂದು ಉಂಟು ನಂಗೆ?"

ಉತ್ತರಕ್ಕೆ ಕಾಯದೆ ಫೋನ್ ಇಟ್ಟ.