ನೂರಾ ನಲವತ್ತನಾಲ್ಕು ಫ್ರೇಮಿನ ಆನೆ

ಚಾಮರಾಜನಗರದಲ್ಲಿ ಅನಿಮೇಷನ್ ಸ್ಟುಡಿಯೊ ಇದೆ ಎಂದರೆ ಚಾಮರಾಜನಗರದವರೇ ನಂಬುವುದಿಲ್ಲ. ಅರಿಶಿನದ ಮಂಡಿಯೊಂದರ ಮೇಲಿನ ಮಹಡಿಯಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ನಮ್ಮ ಯಜಮಾನರು ಅದನ್ನು ಶುರು ಮಾಡಿದ್ದರು. ಇಡೀ ಸ್ಟುಡಿಯೊ ಅವರನ್ನು ಅಣ್ಣ ಎನ್ನುತ್ತಿತ್ತು. ಅದಕ್ಕೂ ಮೊದಲು ಅವರು ಮದುವೆ ವಿಡಿಯೊ ತೆಗೆಯುತ್ತಿದ್ದರು. ಆ ಕೆಲಸ ಬಿಟ್ಟರೂ ಅದರ ಚಾಳಿ ಅವರನ್ನು ಬಿಟ್ಟಿರಲಿಲ್ಲ.

ನಾನು ಗುಂಡ್ಲುಪೇಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಮುಂಬೈಯ ಕಂಪನಿಯೊಂದು ಮಕ್ಕಳ ಕಾರ್ಟೂನಿನ ಒಂದು ಶಾಟ್ ಅನ್ನು ಪರೀಕ್ಷೆಗೆಂದು ಕಳಿಸಿತ್ತು. ಒಂದು ಆನೆ ನಾಲ್ಕು ಸೆಕೆಂಡು ನಡೆಯಬೇಕು, ಅಷ್ಟೇ. ಮೂರು ಸಲ ತೋರಿಸಲು ಅವಕಾಶ. ಒಪ್ಪಿದರೆ ಇಡೀ ಸರಣಿ ನಮಗೆ, ನನಗೆ ಕಾಯಂ ಕೆಲಸ. ಒಪ್ಪದಿದ್ದರೆ ನಾನು ವಾಪಸು ಗುಂಡ್ಲುಪೇಟೆಯ ಡಿಟಿಪಿ ಅಂಗಡಿಯಲ್ಲಿ ಲಗ್ನಪತ್ರಿಕೆ ಜೋಡಿಸಬೇಕು. ಆ ಅಂಗಡಿಯ ಅಂಟಿನ ವಾಸನೆ ನನಗೆ ಈಗಲೂ ಆಗುವುದಿಲ್ಲ.

ಅವರು ಕೇಳಿದ್ದು ಬರೀ ಪ್ರಿವ್ಯೂ. ಬೆಳಕು, ನೆರಳು ಯಾವುದೂ ಬೇಡ. ಸಾಫ್ಟ್‌ವೇರಿನ ಪರದೆಯಲ್ಲಿ ಕಾಣುವುದನ್ನೇ ಸರಸರನೆ ವಿಡಿಯೊ ಮಾಡಿ ಕಳಿಸಿ, ನಡಿಗೆ ಸರಿಯಿದೆಯೇ ನೋಡುತ್ತೇವೆ ಎಂದಿದ್ದರು. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರದಂತೆ ಫ್ರೇಮ್ 1001ರಿಂದ 1096, ಅಳತೆ 1920ಕ್ಕೆ 1080, ವಿಡಿಯೊ ಕುಗ್ಗಿಸುವ ಕೋಡೆಕ್ ಎಚ್.264, ಕೆಳಗಿನ ಬಲಮೂಲೆಯಲ್ಲಿ ಫ್ರೇಮ್ ಸಂಖ್ಯೆ. ಒಂದೇ ಪುಟದಲ್ಲಿ ಎಲ್ಲ ಬರೆದು ಕೊಟ್ಟಿದ್ದರು.

ಮೊದಲ ಸಲ ಕೆಡಿಸಿದ್ದು ನಾನೇ, ಸುಳ್ಳು ಹೇಳುವುದಿಲ್ಲ. ಹಿಂಗಾಲು ತಿದ್ದಲು ಟೈಮ್‌ಲೈನನ್ನು 1040ರಿಂದ 1060ಕ್ಕೆ ಕಿರಿದು ಮಾಡಿಕೊಂಡಿದ್ದೆ. ಮತ್ತೆ ಹಿಗ್ಗಿಸುವುದನ್ನು ಮರೆತು ಪ್ರಿವ್ಯೂ ತೆಗೆದೆ. ಇಪ್ಪತ್ತೊಂದು ಫ್ರೇಮ್, ಅಂದರೆ ಒಂದು ಸೆಕೆಂಡೂ ಇಲ್ಲ. ಉಳಿದ ಆನೆ ಎಲ್ಲಿ ಎಂದು ಮುಂಬೈಯವರು ಕೇಳಿದರು.

ಎರಡನೇ ಸಲ ನಾನು ಸರಿಯಾಗಿಯೇ ತೆಗೆದೆ. ಕಳಿಸುವ ಮುಂಚೆ ಅಣ್ಣ ನೋಡಿದರು.

"ಇದೇನ್ ಕಣಮ್ಮಿ, ಸುಣ್ಣ ಹೊಡ್ದಂಗದೆ ಆನೆ. ಇಂಗೇ ಕಳಿಸುದ್ರೆ ನಮ್ ಮರ್ವಾದೆ ಓಯ್ತದೆ."

"ಅಣ್ಣ, ಅವ್ರು ಕೇಳಿರೋದೇ ಇಂಗೆ."

"ಬುಡು, ನಾನ್ ನೋಡ್ಕತೀನಿ."

ನೋಡಿಕೊಂಡರು. ಮದುವೆ ವಿಡಿಯೊ ಎಡಿಟ್ ಮಾಡುವ ಸಾಫ್ಟ್‌ವೇರಿಗೆ ಅದನ್ನು ಹಾಕಿ ಮುಂದುಗಡೆ ಎರಡು ಸೆಕೆಂಡು ಮನೆದೇವರು ಮಾದಪ್ಪನ ಫೋಟೊ, ಅಕ್ಕಪಕ್ಕ ಉರಿಯುವ ದೀಪ ಕೂರಿಸಿದರು. ಬಲಮೂಲೆಯಲ್ಲಿ, ಸರಿಯಾಗಿ ಫ್ರೇಮ್ ಸಂಖ್ಯೆಯ ಮೇಲೇ, ಸ್ಟುಡಿಯೊ ಹೆಸರು ಮತ್ತು ತಮ್ಮ ಮೊಬೈಲ್ ನಂಬರ್. ಅಳತೆಯನ್ನು ಕೇಳಿದ್ದಕ್ಕಿಂತ ದೊಡ್ಡದಾದ 4ಕೆಗೆ ಎಳೆದು ಭಾರದ ಕೋಡೆಕ್ ಒಂದರಲ್ಲಿ ತೆಗೆದರು. ಎಳೆದದ್ದರಿಂದ ಆನೆಯೇನೂ ಸ್ಫುಟವಾಗಲಿಲ್ಲ, ಫೈಲು ಮಾತ್ರ ಊದಿಕೊಂಡಿತು. ಅದು ಅಪ್‌ಲೋಡ್ ಆಗಲು ಮಧ್ಯಾಹ್ನವಿಡೀ ಹಿಡಿಯಿತು. ಅಣ್ಣ ಟೀ ಕುಡಿಯುತ್ತಾ, ಗುಣಮಟ್ಟ ಅಂದರೆ ಸುಮ್ಮನೆ ಅಲ್ಲ ಎಂದು ನಮಗೆಲ್ಲ ಬುದ್ಧಿ ಹೇಳಿದರು.

ಮರುದಿನ ಉತ್ತರ ಬಂತು: ವಿಡಿಯೊ ತಡೆತಡೆದು ಓಡುತ್ತಿದೆ, ಫ್ರೇಮ್ ಸಂಖ್ಯೆ ಕಾಣುತ್ತಿಲ್ಲ, ನಾವೇ ಎಣಿಸಿದ ಪ್ರಕಾರ ಅರವತ್ತನೇ ಫ್ರೇಮಿನಲ್ಲಿ ಮುಂಗಾಲು ನೆಲದ ಮೇಲೆ ಜಾರುತ್ತಿದೆ, ಸರಿಪಡಿಸಿ.

ಅರವತ್ತನೆಯದು ಎಂದರೆ 1060. ತೆಗೆದು ನೋಡಿದೆ. ಅಲ್ಲಿ ಮುಂಗಾಲು ನೆಲದ ಮೇಲೇ ಇಲ್ಲ, ಗಾಳಿಯಲ್ಲಿದೆ.

"ಗಾಳೀಲಿರೋ ಕಾಲು ಎಂಗ್ ಜಾರ್ತದಣ್ಣ?"

"ಮುಂಬೈಯವ್ರು ಜಾರ್ತದೆ ಅಂದ್ರೆ ಜಾರ್ತದೆ. ಸರಿ ಮಾಡು."

ಅರ್ಧ ದಿನ ಜಾರದ ಕಾಲನ್ನು ಜಾರದಂತೆ ಮಾಡಿದೆ. ಮೈಯೆಲ್ಲ ಉರಿಯುತ್ತಿತ್ತು. ಆಮೇಲೆ ಅಣ್ಣನ ಫೈಲನ್ನೇ ತೆಗೆದು ಒಂದೊಂದೇ ಫ್ರೇಮ್ ಸರಿಸುತ್ತಾ ಎಣಿಸಿದೆ. ಮೊದಲ ನಲವತ್ತೆಂಟು ಫ್ರೇಮ್ ಮಾದಪ್ಪ. ನಲವತ್ತೊಂಬತ್ತಕ್ಕೆ ಆನೆ ಶುರು. ಅವರ ಅರವತ್ತನೆಯದು ನನ್ನ ಹನ್ನೆರಡನೆಯದು, 1012. ಅಲ್ಲಿ ನೋಡಿದರೆ ಕಾಲು ನಿಜವಾಗಿಯೂ ಜಾರುತ್ತಿತ್ತು.

1012ರ ಸುತ್ತ ತಿದ್ದಿದೆ, 1060ರಲ್ಲಿ ಕೆಡಿಸಿದ್ದನ್ನು ಮೊದಲಿನಂತೆ ಮಾಡಿದೆ. ಅಣ್ಣ ಊಟಕ್ಕೆ ಹೋಗಿದ್ದಾಗ 1001ರಿಂದ 1096, ಕೇಳಿದ ಅಳತೆ, ಕೇಳಿದ ಕೋಡೆಕ್, ಮೂಲೆಯಲ್ಲಿ ಸಂಖ್ಯೆ, ಮಾದಪ್ಪನಿಲ್ಲದೆ ಪ್ರಿವ್ಯೂ ತೆಗೆದೆ. ಎರಡೆರಡು ಸಲ ನೋಡಿ ಕಳಿಸಿಬಿಟ್ಟೆ. ಇದು ಮೂರನೆಯದು, ಕೊನೆಯದು.

ಸಂಜೆ ಬಸ್ಸಿಗೆ ಹೊರಡುವ ಹೊತ್ತಿಗೆ ಉತ್ತರ ಬಂತು. ನಡಿಗೆ ಒಪ್ಪಿಗೆಯಾಗಿದೆ, ಮುಂದಿನ ಶಾಟ್‌ಗಳ ಪ್ರಿವ್ಯೂಗಳನ್ನೂ ಇದೇ ರೀತಿ ಕಳಿಸಿ ಎಂದಿದ್ದರು. ಅಣ್ಣ ಅದನ್ನು ಎರಡು ಸಲ ಜೋರಾಗಿ ಓದಿದರು.

"ನೋಡ್ದಾ ಕಣಮ್ಮಿ? ಮಾದಪ್ಪನ ಮುಂದಿಟ್ಟಿದ್ಕೆ ಆಯ್ತು. ಈ ಸಲವೂ ಆಕಿದ್ದೆ ತಾನೇ?"

"ಊಂ ಕಣಣ್ಣ," ಎಂದೆ. ನಾಚಿಕೆಯಾಯಿತು, ಆದರೆ ಲಗ್ನಪತ್ರಿಕೆ ನೆನಪಾಯಿತು.

ಅಂದಿನಿಂದ ಪ್ರತಿ ಶಾಟಿಗೂ ಎರಡು ಪ್ರಿವ್ಯೂ ತೆಗೆಯುತ್ತೇನೆ. ಒಂದು ಮುಂಬೈಗೆ, ದೀಪವಿರುವುದು ಅಣ್ಣನಿಗೆ. ಹೋದ ವಾರ ಅಣ್ಣ ನನ್ನನ್ನು ಕರೆದು ಗಂಭೀರವಾಗಿ, ಮೂವತ್ತನೇ ಫ್ರೇಮಿನಲ್ಲಿ ಎಡಗಡೆಯ ದೀಪ ಸರಿಯಾಗಿ ಉರಿಯುತ್ತಿಲ್ಲ, ನೋಡು ಎಂದರು. ಹೋಗಿ ನೋಡಿದೆ. ಈ ಸಲ ಹೇಳಿದ ಫ್ರೇಮ್ ಸಂಖ್ಯೆ ಸರಿಯಾಗಿಯೇ ಇತ್ತು. ಸರಿಪಡಿಸಿದೆ.