ಗುರುವಾರದ ಮೀಟಿಂಗ್ ಯಾರದು

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿದ ಸಂಗತಿಯನ್ನು ಗಡಿಯ ಹೊಳೆದಂಡೆಯ ನಮ್ಮೂರು ಪೆರಿಕಲ್ಲೂರಿನಲ್ಲಿ ನಾನು ಹೇಳದೆ ಬಿಟ್ಟವರಿಲ್ಲ. ಕಡವಿನ ದೋಣಿಯವನಿಗೆ ಎರಡು ಸಲ ಹೇಳಿದೆ. ಆಸ್ಪತ್ರೆಗಳ ಬುಕಿಂಗ್ ನೋಡಿಕೊಳ್ಳುವ ಕಂಪನಿ ಇರುವುದು ಕೊಚ್ಚಿಯಲ್ಲಿ. ಇವಳು ಕೂತು ಕೆಲಸ ಮಾಡುವುದು ನಮ್ಮ ನಡುಮನೆಯಲ್ಲಿ. ಬರೆಯುವಾಗಲೂ ಸಂತೋಷ ತಡೆಯಲಾಗುತ್ತಿಲ್ಲ. ಆದರೆ ಆ ಮೊದಲ ದಿನ ಹೆದರಿದಷ್ಟು ನಾನು ಆನೆ ಅಂಗಳಕ್ಕೆ ಬಂದಾಗಲೂ ಹೆದರಿರಲಿಲ್ಲ.

ಬೆಳಿಗ್ಗೆ ಕೆಲಸದ ಪರಿಚಯ ಮಾಡಿಕೊಡುವ ಕಾಲ್ ಇತ್ತು. ಮ್ಯಾನೇಜರ್ ಮೇಡಂ, ಇವಳಿಗೆ ದಾರಿ ತೋರಿಸಲು ನೇಮಿಸಿದ ಹಳೆಯ ನೌಕರ, ಇವಳು, ಮೂವರೇ. ನಮಗೆ ಸಿಗ್ನಲ್ ಬರುವುದು ಹೊಳೆಯಾಚೆಯ ಕರ್ನಾಟಕದ ಟವರಿನಿಂದ. ಮಾತು ಕಡಿದು ಕಡಿದು ಹೋಗುತ್ತಿದ್ದುದರಿಂದ ಎಲ್ಲರೂ ವಿಡಿಯೋ ನಿಲ್ಲಿಸಿದರು. ತಪ್ಪಿಹೋದದ್ದು ರೆಕಾರ್ಡಿಂಗಿನಲ್ಲಿ ಸಿಗುತ್ತದೆ ಎಂದರು.

ಮಧ್ಯಾಹ್ನ ಅವಳು ಕಂಪನಿಯದೇ ಎಐಗೆ ಆ ರೆಕಾರ್ಡಿಂಗ್ ಕೊಟ್ಟು, ಮೊದಲ ವಾರ ಏನೇನು ಮಾಡಬೇಕು, ಯಾವುದಕ್ಕೆ ಯಾರನ್ನು ಕೇಳಬೇಕು ಎಂದು ಸಾರಾಂಶ ಬರೆಸಿದಳು. ನನಗೂ ಓದಿ ಹೇಳಿದಳು. ಇವತ್ತೇ ಪಾಸ್‌ವರ್ಡ್ ಬದಲಿಸಬೇಕು, ಲ್ಯಾಪ್‌ಟಾಪ್ ಕೆಟ್ಟರೆ ಐಟಿಯವರನ್ನು ಕೇಳಬೇಕು, ಮಿಕ್ಕ ಸಂಶಯಕ್ಕೆ ಆ ಹಳೆಯ ನೌಕರ. ಅಲ್ಲಿಗೆ ಅವಳ ದನಿ ನಿಂತಿತು.

"ಏನಾಯ್ತು ಮೋಳೇ?"

"ಗುರುವಾರ ಆಸ್ಪತ್ರೆಯವರ ಮೀಟಿಂಗ್ ನಾನೇ ನಡೆಸ್ಬೇಕಂತೆ ಅಜ್ಜಿ. ನಂಗೆ ಅವರ ಕೆಲಸದ ಒಂದಕ್ಷರ ಗೊತ್ತಿಲ್ಲ."

ಪ್ರತಿ ಸಾಲಿನ ಪಕ್ಕ ಅದನ್ನು ಹೇಳಿದ ನಿಮಿಷ ಇತ್ತು. ಅಲ್ಲಿಗೇ ಹೋಗಿ ಕೇಳಿಸಿದಳು. ಗುರುವಾರದ್ದು ನೀವು ನೋಡಿಕೊಳ್ಳಿ ಎಂದು ಮೇಡಂ ಮಲಯಾಳದಲ್ಲಿ ಹೇಳಿದ್ದರು. ಯಾರಿಗೆ? ಹೆಸರು ಹೇಳಿರಲಿಲ್ಲ, ಮುಖ ಕಾಣುತ್ತಿರಲಿಲ್ಲ, ಹೂಂ ಎಂದವರೂ ಇಲ್ಲ. ಎಐ ಮಾತ್ರ ಇವಳ ಹೆಸರು ಹಾಕಿತ್ತು.

"ಕೇಳ್ಬಿಡ್ತೀನಿ," ಎಂದಳು.

"ಬೇಡ ಮೋಳೇ, ನಂಗೆ ಪೇಡಿ, ಹೆದರಿಕೆ ಆಗ್ತದೆ. ಮೊದಲ ದಿನಾನೇ ಎರಡ್ನೇ ಸಲ ಕೇಳಿದ್ರೆ, ಇವಳು ಮಂಕು ಅಂತ ಮನೆಗೆ ಕಳಿಸ್ತಾರೆ."

"ಮನೇಲೇ ಇದ್ದೀನಲ್ಲ ಅಜ್ಜಿ, ಇನ್ನೆಲ್ಲಿಗೆ ಕಳಿಸ್ತಾರೆ?"

ಅವಳು ನಕ್ಕಳು, ನನಗೆ ನಗು ಬರಲಿಲ್ಲ. ನಾನು ಬೇರೆಯವರ ಗದ್ದೆಯಲ್ಲಿ ನಾಟಿ ಮಾಡಿ ಬಾಳಿದವಳು. ಹೇಳಿದ್ದನ್ನು ಮತ್ತೆ ಕೇಳಿದವರನ್ನು ಮರುದಿನ ಕರೆಯುತ್ತಿರಲಿಲ್ಲ. ಹಾಗೆ ಇವಳ ಕೆಲಸವೂ ಹೋದರೆ?

ಅವಳು ಆ ಹಳೆಯ ನೌಕರನಿಗೆ, ಗುರುವಾರದ್ದು ಯಾರಿಗೆ ಹೇಳಿದ್ದು ಎಂದು ನಿಮಿಷದ ಸಮೇತ ಬರೆದಳು. ಅವನು ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಒಲೆಯ ಮೇಲೆ ಗಂಜಿ ಉಕ್ಕಿ ಸುರಿಯುವುದು ಕೇಳುತ್ತಿತ್ತು. ನಾನು ಏಳದೆ ಅವಳ ಫೋನನ್ನೇ ನೋಡುತ್ತಾ ಕೂತೆ. ಕೊನೆಗೆ ಫೋನೇ ಬಂತು. ಅವಳು ಸ್ಪೀಕರಿಗೆ ಹಾಕಿದಳು.

"ಮೇಡಂ ಹತ್ರ ಕೇಳ್ದೆ. ಅದು ನಂಗೆ ಹೇಳಿದ್ದಂತೆ. ನೀವು ಕೂತು ಕೇಳಿಸ್ಕೊಂಡ್ರೆ ಸಾಕು." ಆಮೇಲೆ ದನಿ ತಗ್ಗಿಸಿದ. "ನಿಮಗೆ ಹೇಳಿದ್ದು ಅಂತ ನಾನು ಆರಾಮಾಗಿದ್ದೆ ಕಣ್ರೀ. ನೀವು ಕೇಳದಿದ್ರೆ ಗುರುವಾರ ಇಬ್ರದ್ದೂ ಕತೆ ಮುಗೀತಿತ್ತು."

ಅವಳು ಸಾರಾಂಶದ ಆ ಸಾಲನ್ನು ತಿದ್ದಿ ಮೇಡಂಗೂ ಅವನಿಗೂ ಕಳಿಸಿದಳು. ಮತ್ತೆ ರೆಕಾರ್ಡಿಂಗನ್ನು ಮೊದಲಿನಿಂದ ಹಾಕಿ, ಉಳಿದ ಸಾಲುಗಳನ್ನೂ ಒಂದೊಂದಾಗಿ ಕೇಳಿ ನೋಡತೊಡಗಿದಳು. ನಾನು ಪಕ್ಕದಲ್ಲೇ ಕೂತಿದ್ದೆ. ನಗು ತಡೆಯಲಾಗುತ್ತಿರಲಿಲ್ಲ.