ಹಾಡಿನ ನಡುವಿನ ಹಸಿರು ಚೌಕಗಳು

ಬೆಟಗೇರಿಯ ನಮ್ಮ ಸ್ಟುಡಿಯೋದಲ್ಲಿ ಮದುವೆ ಶೂಟಿಂಗ್ ಯಜಮಾನರದು, ಎಡಿಟಿಂಗ್ ನನ್ನದು. ಲಕ್ಷ್ಮೇಶ್ವರದ ಮದುವೆಯೊಂದನ್ನು ಮುಗಿಸಿ ಬಂದ ಮರುದಿನ ಮಧ್ಯಾಹ್ನ ನಡೆದದ್ದು ಇದು.

ಆ ಮದುವೆಯಲ್ಲಿ ವಧುವಿನ ಅಜ್ಜಿ ಒಂದು ಸೋಬಾನ ಪದ ಹಾಡಿದ್ದರು. ಅದು ಅವರ ತಾಯಿಯಿಂದ ಬಂದದ್ದು. ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಅದನ್ನು ಹಿಡಿದದ್ದು ಒಂದೇ ಕ್ಯಾಮೆರಾ, ಇದ್ದದ್ದು ಒಂದೇ ಮೆಮೊರಿ ಕಾರ್ಡಿನಲ್ಲಿ. ಆ ಕಾರ್ಡನ್ನು ನಾನು ಹಾರ್ಡ್ ಡ್ರೈವ್‌ಗೆ ಕಾಪಿ ಮಾಡಿದ್ದೆ. ಕಾರ್ಡನ್ನು ಅಳಿಸಿ ತೆಗೆದುಕೊಂಡು ಯಜಮಾನರು ಮುಂಡರಗಿಯ ಮದುವೆಗೆ ಹೊರಡಬೇಕಿತ್ತು. ಹೊರಗೆ ಗಾಡಿ ಹಾರ್ನ್ ಹೊಡೆಯುತ್ತಿತ್ತು.

"ಕಾರ್ಡ್ ಕೊಡು, ಜಲ್ದಿ."

"ತಡೀರಿ, ಚೆಕ್‌ಸಮ್ ಮುಗೀಲಿ."

ಚೆಕ್‌ಸಮ್ ಎಂದರೆ, ಪ್ರೋಗ್ರಾಂ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಓದಿ ಕೊಡುವ, ಅಂಕಿ ಅಕ್ಷರಗಳ ಒಂದು ಉದ್ದನೆಯ ಗುರುತು. ಒಳಗೆ ಒಂದು ಚೂರು ಬದಲಾದರೂ ಗುರುತು ಬೇರೆಯಾಗುತ್ತದೆ. ಕಾರ್ಡಿನ ಫೈಲಿನ ಗುರುತು ಮೊದಲೇ ತೆಗೆದಿದ್ದೆ. ಈಗ ಡ್ರೈವಿನ ಕೇಬಲ್ ಬಿಚ್ಚಿ ಮತ್ತೆ ಜೋಡಿಸಿ, ಕಂಪ್ಯೂಟರಿನ ಮೆಮೊರಿಯಲ್ಲಿ ಉಳಿದಿರುವುದನ್ನಲ್ಲ, ಡ್ರೈವಿನಲ್ಲಿರುವ ಕಾಪಿಯನ್ನೇ ಓದಿಸುತ್ತಿದ್ದೆ.

ಹಾಡಿನ ಫೈಲಿನ ಗುರುತು ತಾಳೆಯಾಗಲಿಲ್ಲ.

"ಸೈಜ್ ಅಷ್ಟ ಐತಿ, ಪ್ಲೇನೂ ಆಗತೈತಿ. ನಿಂದೊಂದು ಸಂಶಯ," ಎಂದರು ಯಜಮಾನರು.

ನಾನು ವಿಡಿಯೋವನ್ನು ನಡುವಿನಿಂದ ಸ್ವಲ್ಪ ಸ್ವಲ್ಪವೇ ಮುಂದೆ ಸರಿಸುತ್ತ ಹೋದೆ. ಅಜ್ಜಿಯ ಮುಖವಿದ್ದ ಜಾಗದಲ್ಲಿ ಹಸಿರು ಚೌಕಗಳು ಬಂದವು, ದನಿ ಕಡಿಯಿತು. ಆಮೇಲೆ ಏನೂ ಆಗಿಲ್ಲವೆಂಬಂತೆ ಹಾಡು ಮುಂದುವರಿಯಿತು. ಕಾಪಿ ಆಗುವಾಗ ತಪ್ಪಾಗಿದೆ ಎಂಬ ಒಂದು ಸೂಚನೆಯೂ ಪರದೆಯ ಮೇಲೆ ಬಂದಿರಲಿಲ್ಲ.

ಯಜಮಾನರು ಕುರ್ಚಿ ಎಳೆದುಕೊಂಡು ಕೂತರು. ಕಾರ್ಡಿನ ಫೈಲನ್ನು ಮತ್ತೊಮ್ಮೆ ಓದಿಸಿದೆ. ಮೊದಲಿನ ಗುರುತೇ ಬಂತು, ಮೂಲ ಸರಿಯಿತ್ತು. ಡ್ರೈವಿನ ಹಳೆಯ ಕೇಬಲ್ ಬದಲಿಸಿ ಮತ್ತೆ ಕಾಪಿಗೆ ಹಚ್ಚಿದೆ.

ಡ್ರೈವರ್ ಒಳಗೆ ಇಣುಕಿದ. "ಏನ್ರೀ ಅಕ್ಕಾರ, ಅಲ್ಲಿ ತಾಳಿ ಕಟ್ಟಿದ ಮ್ಯಾಲೆ ಹೋಗೂದೇನು?"

"ಮದುವಿ ನಾಳೆ ಐತಿ. ಚಹಾ ಕುಡಿ, ಕುಂಡ್ರು," ಎಂದೆ.

ಈ ಸಲ ಎರಡೂ ಗುರುತು ಒಂದೇ ಬಂದವು. ನಾನು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ನೋಡಿದೆ. ಅದು ಬೇಕಿರಲಿಲ್ಲ, ಪ್ರೋಗ್ರಾಂ ಹೇಳಿಯಾಗಿತ್ತು. ಕಾರ್ಡ್ ತೆಗೆಯಲು ಹೋದರೆ ಯಜಮಾನರೇ ತಡೆದರು.

"ಇನ್ನೊಂದು ಡ್ರೈವಿಗೂ ಹಾಕು. ಅದನ್ನೂ ತಾಳೆ ನೋಡು. ಗಾಡಿ ನಿಂದರತೈತಿ."

ಮುಂದಿನ ವಾರ ಲಕ್ಷ್ಮೇಶ್ವರಕ್ಕೆ ನಾನೇ ಹೋಗಿ ಅವರ ಮದುವೆಯ ವಿಡಿಯೋ ಇದ್ದ ಡ್ರೈವ್ ಕೊಟ್ಟೆ. ಅಜ್ಜಿ ಟಿವಿಗೆ ಮುಖವಿಟ್ಟು ತಮ್ಮ ಹಾಡನ್ನು ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಯವ್ವಾ, ಎರಡನೇ ನುಡಿಯಾಗ ತಪ್ಪೀನಿ. ಅಷ್ಟು ಅಳಿಸಿಬಿಡು."

"ಒಂದಕ್ಷರಾನೂ ಅಳಿಸೂದಿಲ್ರಿ ಅಜ್ಜಿ," ಎಂದೆ.

"ಭಾಳ ಹಟಮಾರಿ ಇದ್ದಿ," ಎಂದು ಅವರು ನಕ್ಕು, ಇನ್ನೊಮ್ಮೆ ಹಚ್ಚಲು ಹೇಳಿದರು.